ಬೇಲಿಯಾಚೆಯ ಶಿವಮೊಗ್ಗ

ಪಕ್ಕದ ಮನೆಯ ಅಕ್ಕ ಬಟ್ಟೆ ಒಣಹಾಕುತ್ತಲೇ ಕೇಳಿದರು: "ಮಗ ಹೊರದೇಶದ ಕೆಲಸಕ್ಕೆ ಅರ್ಜಿ ಹಾಕ್ತಿದ್ದಾನೆ. ಹುಟ್ಟಿದ ಊರು Shimoga ಅಂತ ಬರೀಬೇಕಾ, Shivamogga ಅಂತಾನಾ?"

"ಜನನ ಪ್ರಮಾಣಪತ್ರದಲ್ಲಿ ಏನಿದೆ ಅಕ್ಕಾ?"

"ಹಳೇದು. Shimoga."

ಹಾಗಾದರೆ ಆ ಅಂಕಣದಲ್ಲಿ ಅದೇ ಇರಲಿ ಎಂದೆ. ದಾಖಲೆ ಒಂದು ಹೇಳಿ ಅರ್ಜಿ ಇನ್ನೊಂದು ಹೇಳಿದರೆ ಎರಡೂ ಒಂದೇ ಊರೆಂದು ದೂರದೇಶದ ಗುಮಾಸ್ತನಿಗೆ ಗೊತ್ತಾಗುವುದು ಹೇಗೆ? ಈಗಿನ ವಿಳಾಸಕ್ಕೆ ಮಾತ್ರ Shivamogga.

"ಅಷ್ಟಕ್ಕೂ ಯಾಕಪ್ಪಾ ಬದಲಾಯಿಸಿದ್ರು?"

ಬ್ರಿಟಿಷರ ಕಾಲದ ಇಂಗ್ಲಿಷ್ ಬರಹದಲ್ಲಿ ನಮ್ಮ ಊರುಗಳ ಕೊನೆಯ ಉಕಾರ ಬಿದ್ದುಹೋಯಿತು, ಒತ್ತಕ್ಷರ ಒಂಟಿಯಾಯಿತು. ಮಡಿಕೇರಿಯಂತೂ ಮರ್ಕೆರಾ ಆಗಿಬಿಟ್ಟಿತ್ತು. ಕನ್ನಡದ ಉಚ್ಚಾರ ಇಂಗ್ಲಿಷ್ ಬರಹದಲ್ಲೂ ಉಳಿಯಬೇಕೆಂದು ಯು. ಆರ್. ಅನಂತಮೂರ್ತಿಯವರು ಸುವರ್ಣ ಕರ್ನಾಟಕದ ಹೊತ್ತಿಗೆ ಸಲಹೆ ಕೊಟ್ಟರು. ಹೆಸರು ಬದಲಿಸಲು ರಾಜ್ಯದ ತೀರ್ಮಾನವೊಂದೇ ಸಾಲದು, ಕೇಂದ್ರ ಗೃಹ ಸಚಿವಾಲಯ ಒಪ್ಪಬೇಕು. ಅದಕ್ಕೇ ವರ್ಷಗಳು ಹಿಡಿದವು. ಕೊನೆಗೆ 2014ರ ನವೆಂಬರ್ 1ರಂದು ಹನ್ನೆರಡು ಊರುಗಳ ಹೊಸ ರೂಪ ಜಾರಿಗೆ ಬಂತು. ಅನಂತಮೂರ್ತಿಯವರು ಅದೇ ವರ್ಷ ಆಗಸ್ಟ್‌ನಲ್ಲಿ ತೀರಿಕೊಂಡಿದ್ದರು, ಅದನ್ನು ನೋಡಲಿಲ್ಲ.

"ಕನ್ನಡದಲ್ಲಿ ನಾವು ಮೊದಲಿಂದ್ಲೂ ಶಿವಮೊಗ್ಗ ಅಂತಲೇ ಬರೀತಿದ್ವಲ್ಲ?"

ಸರಿಯಾದ ಮಾತು. ಬೆಂಗಳೂರು, ಮೈಸೂರು, ಬೆಳಗಾವಿ ಇವೆಲ್ಲ ಕನ್ನಡದಲ್ಲಿ ಇದ್ದಂತೆಯೇ ಇವೆ, ಬದಲಾದದ್ದು ಇಂಗ್ಲಿಷ್ ಕಾಗುಣಿತ. ಗುಲ್ಬರ್ಗ ಕಲಬುರಗಿಯಾದದ್ದು, ಬಿಜಾಪುರ ವಿಜಯಪುರವಾದದ್ದು ಬೇರೆ ಬಗೆ. ಅಲ್ಲಿ ಕನ್ನಡದಲ್ಲಿ ಬರೆಯುವವರೂ ರೂಢಿ ಬದಲಿಸಬೇಕಾಯಿತು.

"ಆದ್ರೆ ಹುಬ್ಳಿಯವ್ರು ಮಾತಾಡೋದು ಹುಬ್ಳಿ ಅಂತಲೇ. ತುಮ್ಕೂರೂ ಹಾಗೇ."

ನಿಜ. Hubli, Tumkur ಎಂಬ ರೂಪಗಳು ನಮ್ಮ ಆಡುಮಾತಿಗೆ ಹತ್ತಿರವೇ ಇದ್ದವು. ಆದರೆ ಆಡುಮಾತು ಬಾಯಿಂದ ಬಾಯಿಗೆ ಬೇರೆ. ಫಲಕಕ್ಕೆ, ನಕ್ಷೆಗೆ ಬರಹದ ರೂಪವನ್ನೇ ಹಿಡಿದದ್ದು ಸರಿ ಎಂದೇ ನನ್ನ ಅಭಿಪ್ರಾಯ.

"ಅವನ ಡಿಗ್ರಿ ಮಂಗಳೂರಿಂದು. ಅದನ್ನೂ ಹೊಸ ಥರ ಬರೀಲಾ?"

ಬೇಡ ಅಕ್ಕಾ. ಸಂಸ್ಥೆಯ ಹೆಸರು ಸಂಸ್ಥೆಯದು. ಪದವಿಪತ್ರದಲ್ಲಿ Mangalore University ಎಂದು ಅಚ್ಚಾಗಿದ್ದರೆ ಹಾಗೆಯೇ ಬರೆಯಬೇಕು, ಊರಿನ ಹೆಸರು ಮಾತ್ರ Mangaluru. ಬೆಂಗಳೂರಿನ ವಿಮಾನದ ಟಿಕೆಟ್ಟಿನ ಮೇಲೂ ಇವತ್ತಿಗೂ BLR ಎಂದೇ ಇದೆ. ಹಳೆಯ ಪುಸ್ತಕದಿಂದ ಸಾಲು ಎತ್ತಿಕೊಂಡರೆ ಅದರ ಕಾಗುಣಿತ ತಿದ್ದಬಾರದು, ಬೇಕಿದ್ದರೆ ಪಕ್ಕದಲ್ಲಿ ಈಗಿನ ಹೆಸರು ಕೊಡಬಹುದು.

ಇವೆಲ್ಲ ಬಿಟ್ಟು, ಇಂಗ್ಲಿಷಿನಲ್ಲಿ ನಾವೇ ಬರೆಯುವ ಪತ್ರ, ಮದುವೆ ಕರೆಯೋಲೆ, ಅಂಗಡಿ ಫಲಕಗಳಲ್ಲಿ ಹೊಸ ರೂಪವನ್ನೇ ಬಳಸೋಣ.