ಪಾಸ್ ಐತೇನ್ರಿ?

ಮಾಲತೇಶನ ಗುಡ್ಡದ ಬುಡದಲ್ಲಿ ಬೆಳೆದವರಿಗೆ ಟಿಕೆಟ್ಟಿನ ಮೇಲೆ ನಂಬಿಕೆ ಹುಟ್ಟುವುದು ಕಷ್ಟ. ನಮ್ಮ ದೇವರಗುಡ್ಡದಲ್ಲಿ ದಸರೆಯ ಹೊತ್ತಿಗೆ ಗೊರವಯ್ಯ ಬಿಲ್ಲೇರಿ ಕಾರಣಿಕ ನುಡಿಯುತ್ತಾನೆ. ರಾಣೆಬೆನ್ನೂರು, ಬ್ಯಾಡಗಿ, ಹಾವೇರಿಯ ಕಡೆಯಿಂದ ಬಂದ ಜನ ಉಸಿರು ಬಿಗಿಹಿಡಿದು ಕೇಳುತ್ತಾರೆ. ಮಳೆ, ಬೆಳೆ, ರಾಜಕೀಯ ಮೂರರ ಮುನ್ಸೂಚನೆಯೂ ಒಂದೇ ನುಡಿಯಲ್ಲಿ ಮುಗಿಯುತ್ತದೆ. ಬಿಲ್ಲು ಎತ್ತರವಾದ್ದರಿಂದ ಹಿಂದೆ ನಿಂತವನಿಗೂ ಗೊರವಯ್ಯ ಕಾಣುತ್ತಾನೆ, ಹಾಗಾಗಿ ಮುಂದಿನ ಸಾಲಿಗೆ ಬೆಲೆ ಕಟ್ಟುವ ಪ್ರಶ್ನೆಯೇ ಇಲ್ಲ. ‘ಏಳುಕೋಟಿ’ ಎಂದು ಕೂಗುವ ಅಷ್ಟೂ ಮಂದಿಯಲ್ಲಿ ಒಬ್ಬನ ಕೈಯಲ್ಲೂ ಟಿಕೆಟ್ ಇರುವುದಿಲ್ಲ.

ಇಂಥ ಊರಿನ ನಾವು ಎಂಟು ಜನ ಸೇರಿ ಒಂದು ಸಂಘ ಕಟ್ಟಿ, ಪೇಟೆಯ ಸಭಾಭವನವನ್ನು ಬಾಡಿಗೆ ಹಿಡಿದು, ಟಿಕೆಟ್ ಇಟ್ಟು ನಾಟಕ ಮಾಡಿಸಲು ಹೊರಟೆವು. ತಂಡ ಹೊರಗಿನದು. ಹೆಗ್ಗೋಡಿನ ನೀನಾಸಂ 1985ರಲ್ಲಿ ತಿರುಗಾಟ ಶುರು ಮಾಡಿದ ಮೇಲೆ, ಒಂದು ಊರಿನ ಆಸಕ್ತರು ತಂಡವನ್ನು ಕರೆಸಿಕೊಂಡು ನಾಟಕ ಆಡಿಸುವ ಪದ್ಧತಿ ನಮ್ಮ ಕಡೆಯ ಸಣ್ಣ ಊರುಗಳಿಗೂ ಹೊಸದೇನಲ್ಲ. ತಂಡದವರು ತಮ್ಮ ಮೊತ್ತ ಹೇಳಿಬಿಡುತ್ತಾರೆ. ಆ ದುಡ್ಡನ್ನು ಯಾರ ಜೇಬಿನಿಂದ ತೆಗೆಯುವುದು ಎಂಬುದು ಸಂಘದ ತಲೆನೋವು.

ನಮ್ಮ ಲೆಕ್ಕ ಹೀಗಿತ್ತು. ತಂಡಕ್ಕೆ 25,000, ಅವರ ಊಟ-ವಸತಿಗೆ 4,500, ಭವನದ ಬಾಡಿಗೆ 4,000, ಹೆಚ್ಚಿನ ದೀಪ ಮತ್ತು ಜನರೇಟರಿಗೆ 3,500, ಕರಪತ್ರ ಹಾಗೂ ಆಟೋ ಮೇಲಿನ ಮೈಕಿಗೆ 3,000. ಒಟ್ಟು 40,000 ರೂಪಾಯಿ. ಭವನದಲ್ಲಿ 300 ಕುರ್ಚಿ. ಮುಂದಿನ 36ಕ್ಕೆ 300 ರೂಪಾಯಿ, ನಡುವಿನ 144ಕ್ಕೆ 150, ಹಿಂದಿನ 120ಕ್ಕೆ 80 ಎಂದು ನಿಗದಿ ಮಾಡಿದೆವು. ಎಲ್ಲ ಮಾರಿದರೆ 42,000 ಬರಬೇಕು. ಎರಡು ಸಾವಿರ ಉಳಿತಾಯ! ಆ ದುಡ್ಡನ್ನು ಏನು ಮಾಡಬೇಕೆಂಬ ಚರ್ಚೆಯಲ್ಲಿ ನಮ್ಮ ಸಂಘ ಮೊದಲ ಸಲ ಎರಡು ಬಣವಾಯಿತು.

ಕಂಪನಿ ನಾಟಕದ ಕಾಲದಿಂದ ನಮಗೆ ನೆಲ, ಬೆಂಚು, ಕುರ್ಚಿ ಎಂಬ ದರ್ಜೆಗಳು ಗೊತ್ತು. ಅಲ್ಲಿ ದರ್ಜೆ ಎಂಬುದು ಕಣ್ಣಿಗೆ ಕಾಣುತ್ತಿತ್ತು. ನೆಲದ ಟಿಕೆಟ್ಟಿನವನು ಕುರ್ಚಿಯಲ್ಲಿ ಕೂತರೆ ಇಡೀ ಡೇರೆಗೆ ತಿಳಿಯುತ್ತಿತ್ತು. ಸಭಾಭವನದಲ್ಲಿ ಎಲ್ಲವೂ ಒಂದೇ ಬಣ್ಣದ ಕುರ್ಚಿ. ದೀಪ ಆರಿದ ಕೂಡಲೇ 80 ರೂಪಾಯಿಯವರು ಒಬ್ಬೊಬ್ಬರಾಗಿ ಕತ್ತಲಲ್ಲಿ ಮುಂದೆ ಸರಿಯುತ್ತಾರೆ, ಮೊದಲ ದೃಶ್ಯ ಮುಗಿಯುವಷ್ಟರಲ್ಲಿ 150ರವರ ಪಕ್ಕ ಕೂತು ಕಡಲೆಕಾಯಿ ಸುಲಿಯುತ್ತಾರೆ. ಹಗ್ಗ ಕಟ್ಟದ, ಸಾಲಿಗೆ ಅಕ್ಷರ ಬರೆಯದ, ಕುರ್ಚಿಗೆ ನಂಬರ್ ಅಂಟಿಸದ ಭವನದಲ್ಲಿ ಮೂರು ದರ ಇದ್ದರೂ ದರ್ಜೆ ಒಂದೇ, ಅದೂ ಅಗ್ಗದ್ದು. ನಮ್ಮ ಖಜಾಂಚಿಯದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ಅವರು ಒಂದೇ ಮಾತಲ್ಲಿ ಮುಗಿಸಿದರು: “ಡಬ್ಬಿ, ಕಡ್ಡಿ ಎರಡೂ ಒಂದ ಚೀಲಕ್ಕ ತುಂಬಿದ್ರ ಡಬ್ಬಿ ರೇಟ್ ಯಾರ ಕೊಡ್ತಾರ್ರಿ?”

ಆದರೆ ನಮ್ಮನ್ನು ಮುಳುಗಿಸಿದ್ದು ಕತ್ತಲಲ್ಲಿ ಮುಂದೆ ಸರಿದವರಲ್ಲ, ಬೆಳಕಿನಲ್ಲೇ ಮುಂದೆ ಕೂತವರು. ಅವರ ಕೈಯಲ್ಲಿ ಪಾಸ್ ಇತ್ತು.

ಪಾಸ್ ಕೇಳುವವರಲ್ಲಿ ಬಡವರು ಇರುವುದಿಲ್ಲ. ಬಡವ 80 ರೂಪಾಯಿ ಎಣಿಸಿ ಕೊಟ್ಟು ಹಿಂದಿನ ಸಾಲಿನಲ್ಲಿ ಕೂರುತ್ತಾನೆ. ಪಾಸ್ ಕೇಳುವವರು ಕಾರಿನ ಗಾಜು ಇಳಿಸಿ ಕೇಳುತ್ತಾರೆ: “ಏನ್ರೀ, ನಾಟಕ ಅಂತ? ಪಾಸ್ ಐತೇನ್ರಿ?” ಇಲ್ಲವೆಂದರೆ ಅವರಿಗೆ 300 ರೂಪಾಯಿ ಹೋಗುವ ಚಿಂತೆಯಿಲ್ಲ. ‘ನನಗೇ ಇಲ್ಲವೇ?’ ಎಂಬ ನೋವು. ಭವನದ ಬೀಗದ ಕೈ ಇರುವವರು, ಕರೆಂಟ್ ನೋಡಿಕೊಳ್ಳುವವರು, ಜಾಹೀರಾತು ಕೊಟ್ಟವರು, ಕೊಡುತ್ತೇನೆಂದು ಕೊಡದವರು, ಪತ್ರಿಕೆಯವರು, ಪತ್ರಿಕೆಯವರ ಜೊತೆ ಚಹಾ ಕುಡಿಯುವವರು, ಕೊನೆಗೆ ಸಂಘದ ಎಂಟು ಸದಸ್ಯರ ಬೀಗರು. ಬೀಗರಿಗೆ ಟಿಕೆಟ್ ಮಾರಿ ಮನೆಯಲ್ಲಿ ಊಟ ಮಾಡಿದ ಗಂಡಸು ನಮ್ಮ ತಾಲೂಕಿನಲ್ಲಿ ಇನ್ನೂ ಹುಟ್ಟಿಲ್ಲ.

ಪಾಸಿನ ಮೇಲೆ ‘ಇಬ್ಬರಿಗೆ’ ಎಂದು ಅಚ್ಚು ಹಾಕಿಸಿದ್ದೆವು. ಇಬ್ಬರು ಎಂದರೆ ಗಂಡ-ಹೆಂಡತಿ. ಅವರ ಮಕ್ಕಳು, ಮಕ್ಕಳ ಜೊತೆ ಬಂದ ಅಜ್ಜಿ, ಅಜ್ಜಿಯ ಕೈ ಹಿಡಿದುಕೊಂಡು ಬಂದ ಸೊಸೆ ಇವರೆಲ್ಲ ಆ ಇಬ್ಬರೊಳಗೇ ಅಡಕ. ಇದು ನಮ್ಮ ಊರಿನದೇ ರೋಗವೆಂದು ಕೊರಗಬೇಕಾಗಿಲ್ಲ. 18ನೇ ಶತಮಾನದ ಲಂಡನ್ನಿನ ವಾಕ್ಸ್‌ಹಾಲ್ ವಿಹಾರೋದ್ಯಾನದ ಮಾಲೀಕರು ಚಿತ್ರಕಾರ ವಿಲಿಯಂ ಹೊಗಾರ್ತ್‌ಗೆ ಚಿನ್ನದ ಪಾಸನ್ನೇ ಮಾಡಿಸಿಕೊಟ್ಟಿದ್ದರು. ಅದನ್ನು ತೋರಿಸಿದರೆ ಒಂದು ಸಾರೋಟಿನ ತುಂಬ ಜನ ಒಳಗೆ ಹೋಗಬಹುದಿತ್ತು. ಸದ್ಯ, ನಮ್ಮವರು ಸಾರೋಟಿನಲ್ಲಿ ಬರಲಿಲ್ಲ. ಟ್ರ್ಯಾಕ್ಟರಿನಲ್ಲಿ ಬರುವುದೂ ಅವರಿಗೆ ಹೊಳೆಯಲಿಲ್ಲ.

ಲೆಕ್ಕ ಮುಗಿದಾಗ ಪಾಸಿನ ಕುರ್ಚಿಗಳು 110 ಆಗಿದ್ದವು. ಮುಂದಿನ 36 ಪೂರ್ತಿ ಅವರದೇ, ನಡುವಿನಲ್ಲಿ 74. ದುಬಾರಿ ಕುರ್ಚಿ ಎಂದರೆ ದುಡ್ಡು ಕೊಡದವರು ಕೂರುವ ಕುರ್ಚಿ ಎಂಬ ಅರ್ಥಶಾಸ್ತ್ರ ನಮಗೆ ಅಂದು ಮನದಟ್ಟಾಯಿತು. ನಡುವಿನಲ್ಲಿ ಮಾರಾಟವಾದದ್ದು 40, ಹಿಂದಿನ 120 ಪೂರ್ತಿ. ಬಂದದ್ದು 15,600. ಎರಡು ಸಾವಿರದ ಚರ್ಚೆಯಲ್ಲಿ ಬಣವಾಗಿದ್ದ ಸಂಘ 24,400ರ ಮುಂದೆ ಒಗ್ಗಟ್ಟಾಯಿತು, ತಲೆಗೆ 3,050 ಹಾಕಿಕೊಂಡಿತು.

ಪಾಸಿನಿಂದ ಎಷ್ಟು ನಷ್ಟ ಎಂಬುದನ್ನು ಕುರ್ಚಿ ಎಣಿಸಿ ಹೇಳಲಾಗದು. ಟಿಕೆಟ್ ಇದ್ದರೆ ಬರುತ್ತಲೇ ಇರಲಿಲ್ಲ ಎಂಬವನಿಗೆ ಖಾಲಿ ಉಳಿಯಲಿದ್ದ ಕುರ್ಚಿ ಕೊಟ್ಟರೆ ಸಂಘಕ್ಕೆ ಹೋಗುವುದೇನೂ ಇಲ್ಲ, ಚಪ್ಪಾಳೆಗೆ ಎರಡು ಕೈ ಸಿಕ್ಕವು. ಕೊಂಡುಕೊಳ್ಳಬಲ್ಲವನಿಗೆ ಕೊಟ್ಟರೆ ಟಿಕೆಟ್ಟಿನ ಬೆಲೆ ಪೂರ್ತಿ ಹೋಯಿತು. ಬಂದವರೆಲ್ಲ ಎರಡನೆಯ ಜಾತಿಯವರು. ಮೇಲಾಗಿ ಪುಕ್ಕಟೆ ಸಿಕ್ಕಿದ್ದಕ್ಕೆ ಕಿಮ್ಮತ್ತಿಲ್ಲ. ಸಣ್ಣ ಮಳೆ ಹನಿದರೆ ಪಾಸಿನವರು ಮನೆಯಲ್ಲೇ ಉಳಿಯುತ್ತಾರೆ. ನಟರು ಎದುರಿನ ಖಾಲಿ ಸಾಲು ನೋಡಿಕೊಂಡು ಮಾತಾಡಬೇಕು. ಹಿಂದೆ ದುಡ್ಡು ಕೊಟ್ಟವರು ಕತ್ತು ಉದ್ದ ಮಾಡಿಕೊಂಡು ಕೂತಿರುತ್ತಾರೆ.

ಹಾಗಾದರೆ ನಮ್ಮ ಜನ ಜಿಪುಣರೇ? ಖಂಡಿತ ಅಲ್ಲ. ಬಾದಾಮಿಯ ಬನಶಂಕರಿ ಜಾತ್ರೆಗೆ ಹೋದರೆ ಇದೇ ಮಂದಿ ಕಂಪನಿ ನಾಟಕದ ಕೌಂಟರಿನ ಮುಂದೆ ನೂಕಾಡಿ ಟಿಕೆಟ್ ಕೊಳ್ಳುತ್ತಾರೆ. ಅಲ್ಲಿ ಅವರ ಪರಿಚಯ ಯಾರಿಗೂ ಇಲ್ಲ, ಹಾಗಾಗಿ ಅವಮಾನವೂ ಇಲ್ಲ. ಊರ ಹುಡುಗರು ಹಬ್ಬಕ್ಕೆ ಆಡುವ ನಾಟಕದಲ್ಲಿ ನೋಡಿ. ನಮ್ಮಿಂದ ಪಾಸ್ ಪಡೆದ ಮಹಾಶಯರೇ ನಡುರಾತ್ರಿ ಎದ್ದು ಖಳನಾಯಕನಿಗೆ 501 ರೂಪಾಯಿ ಆಹೇರಿ ಮಾಡುತ್ತಾರೆ. ನಾಟಕ ಅಲ್ಲಿಗೇ ನಿಲ್ಲುತ್ತದೆ, ಕೊಲೆ ಮಾಡಲು ಎತ್ತಿದ ಕತ್ತಿ ಎತ್ತಿದಲ್ಲೇ ಇರುತ್ತದೆ, ಮೈಕಿನಲ್ಲಿ ಹೆಸರು ಮೊಳಗುತ್ತದೆ. ಕುರ್ಚಿಗೆ 300 ಕೊಡದವರು ಹೆಸರಿಗೆ 501 ಕೊಡುತ್ತಾರೆ. ನಾವು ಕುರ್ಚಿ ಮಾರುತ್ತಿದ್ದೆವು, ಅವರಿಗೆ ಬೇಕಾಗಿದ್ದದ್ದು ಮರ್ಯಾದೆ. ಅದನ್ನು ನಾವು ಪಾಸ್ ಎಂಬ ಹೆಸರಿನಲ್ಲಿ ಬಿಟ್ಟಿ ಹಂಚುತ್ತಿದ್ದೆವು.

ಮುಂದಿನ ನಾಟಕಕ್ಕೆ ಖಜಾಂಚಿ ಮರ್ಯಾದೆಗೇ ದರ ಹಾಕಿದರು. ‘ಪೋಷಕರು’ ಎಂಬ ಹೊಸ ದರ್ಜೆ: ಸಾವಿರ ರೂಪಾಯಿ, 500ರ ಎರಡು ಟಿಕೆಟ್, ಮುಂದಿನ ಸಾಲು, ಕರಪತ್ರದಲ್ಲಿ ಹೆಸರು, ನಾಟಕಕ್ಕೆ ಮೊದಲು ಮೈಕಿನಲ್ಲಿ ಒಂದು ಸಲ ಓದು. ಕತ್ತಿ ಎತ್ತಿದ ಮೇಲೆ ಓದುವುದಿಲ್ಲ ಎಂಬ ಷರತ್ತು. 500ರಲ್ಲಿ ಇನ್ನೊಂದು ಜಾಣತನವೂ ಇತ್ತು. ನಾಟಕದಂಥ ಪ್ರದರ್ಶನಕ್ಕೆ ಒಬ್ಬರ ಪ್ರವೇಶ ದರ 500 ರೂಪಾಯಿ ದಾಟದಿದ್ದರೆ ಜಿಎಸ್‌ಟಿ ಇಲ್ಲ. 2017ರಲ್ಲಿ ಈ ಮಿತಿ 250 ಇತ್ತು, 2018ರ ಜನವರಿಯಲ್ಲಿ 500ಕ್ಕೆ ಏರಿತು. ಮರ್ಯಾದೆಯ ಬೆಲೆಯನ್ನು ಮಿತಿಗೆ ತಾಗಿಸಿ ನಿಲ್ಲಿಸಿದ ಖಜಾಂಚಿಯ ಮುಖದಲ್ಲಿ ಅಂದು ಟೆಂಡರ್ ಗೆದ್ದ ಕಳೆಯಿತ್ತು.

ಉಳಿದದ್ದಕ್ಕೆ ಒಂದೇ ದರ, 120. ವಿದ್ಯಾರ್ಥಿಗಳಿಗೆ 50, ಅದಕ್ಕೆ ಬೇರೆ 60 ಕುರ್ಚಿ. ಬಾಗಿಲಲ್ಲಿ ಕೊನೆಯ ಗಳಿಗೆಯ ರಿಯಾಯಿತಿ ಇಲ್ಲವೇ ಇಲ್ಲ. ಒಮ್ಮೆ ಹಾಗೆ ಕೊಟ್ಟರೆ ಮೊದಲೇ ಕೊಂಡವನು ಜಗಳಕ್ಕೆ ಬರುತ್ತಾನೆ, ಮುಂದಿನ ಸಲ ಊರಿಗೆ ಊರೇ ಕೊನೆಯ ಗಳಿಗೆಗೆ ಕಾಯುತ್ತದೆ. ಪಾಸ್ 16 ಮಾತ್ರ. ಅವನ್ನು ಯಾರಿಗೆಂದು ಟಿಕೆಟ್ ಅಚ್ಚಾಗುವ ಮೊದಲೇ ಸಭೆಯಲ್ಲಿ ಬರೆದು ಎಂಟೂ ಜನ ಸಹಿ ಹಾಕಿದೆವು. ಕೇಳಿದವರಿಗೆ “ಪಟ್ಟಿ ಮುಗದೈತ್ರಿ” ಎಂದರೆ ಅಲ್ಲಿಗೆ ಮುಗಿಯಿತು. ವ್ಯಕ್ತಿ ಇಲ್ಲವೆಂದರೆ ಮುನಿಸು, ಪಟ್ಟಿ ಇಲ್ಲವೆಂದರೆ ಯಾರೂ ಮುನಿಯುವುದಿಲ್ಲ. ಒಂದು ಪಾಸಿಗೆ ಒಂದೇ ತಲೆ, ಅದಕ್ಕೂ ಕುರ್ಚಿ ನಂಬರ್. ಪರದೆ ಏಳಲು ಹತ್ತು ನಿಮಿಷ ಇರುವಾಗ ಖಾಲಿಯಿದ್ದ ಪಾಸಿನ ಕುರ್ಚಿಗೆ ಹಿಂದಿನವರನ್ನು ಕರೆದು ಕೂರಿಸುವುದು.

ಟಿಕೆಟ್ ಪುಸ್ತಕಕ್ಕೂ ಶಿಸ್ತು ಬಂತು. ಒಂದೊಂದು ದರ್ಜೆಗೆ ಒಂದೊಂದು ಬಣ್ಣ, ಅನುಕ್ರಮ ನಂಬರ್. ಪಾಸಿಗೂ ಅದೇ ನಿಯಮ. ಮಾರದ ಪುಸ್ತಕ ಹಿಂದಿನ ದಿನ ಸಂಜೆಯೊಳಗೆ ವಾಪಸ್. ಬಾಗಿಲಲ್ಲಿ ಅರ್ಧ ಹರಿದು ಡಬ್ಬಿಗೆ ಹಾಕುವುದು. ಮಧ್ಯಂತರದಲ್ಲಿ ಆ ತುಂಡುಗಳನ್ನೂ ಕೂತ ತಲೆಗಳನ್ನೂ ಎಣಿಸಿದರೆ ಸೋರಿಕೆ ಎಲ್ಲಿ ಎಂದು ತಿಳಿಯುತ್ತದೆ. ತುಂಡಿಗಿಂತ ತಲೆ ಹೆಚ್ಚಾದರೆ ಬಾಗಿಲಿನವನಲ್ಲಿ ದಾಕ್ಷಿಣ್ಯ ಹೆಚ್ಚು. ಅದಕ್ಕೇ ನಾವು ಬಾಗಿಲಿಗೆ ಬೇರೆ ಜಿಲ್ಲೆಯಿಂದ ಬಂದು ಇಲ್ಲಿ ಓದುತ್ತಿದ್ದ ಹುಡುಗನನ್ನು ನಿಲ್ಲಿಸಿದೆವು. ಅವನಿಗೆ ಊರಲ್ಲಿ ಮಾವ, ಕಾಕಾ ಯಾರೂ ಇರಲಿಲ್ಲ. ನಮ್ಮ ಅಧ್ಯಕ್ಷರನ್ನೂ ಅವನು ಟಿಕೆಟ್ ಕೇಳಿದ.

ಪೋಷಕರು 20 ಮಂದಿ ಸಿಕ್ಕರು: 20,000. ಸಾಮಾನ್ಯ ಟಿಕೆಟ್ 150 ಹೋದವು: 18,000. ವಿದ್ಯಾರ್ಥಿಗಳ 60 ಪೂರ್ತಿ: 3,000. ಒಟ್ಟು 41,000. ಖರ್ಚು ಮತ್ತೆ 40,000. ಸಾವಿರ ರೂಪಾಯಿ ಉಳಿಯಿತು. ಮೂವತ್ತಕ್ಕೂ ಹೆಚ್ಚು ಕುರ್ಚಿ ಮಾರದೆ ಉಳಿದಿದ್ದರೂ ಉಳಿಯಿತು ಎಂಬುದು ಗಮನಿಸಬೇಕಾದ್ದು. ಪಾಸ್ ಮುಳುಗಿಸಿದ್ದನ್ನು ಮರ್ಯಾದೆಯ ದರ ಎತ್ತಿತು.

ಈ ಉಪಾಯಕ್ಕೂ ಮಿತಿ ಇದೆ. ವರ್ಷಕ್ಕೆ ಒಂದೋ ಎರಡೋ ನಾಟಕಕ್ಕೆ ಪೋಷಕರು ಸಿಗುತ್ತಾರೆ, ತಿಂಗಳಿಗೊಂದಕ್ಕೆ ಸಿಗುವುದಿಲ್ಲ. ಹೆಸರನ್ನು ಪದೇಪದೇ ಓದಿದರೆ ಅದರ ಬೆಲೆಯೂ ಇಳಿಯುತ್ತದೆ. ಪಟ್ಟಿಯಲ್ಲಿ ಯಾರ ಹೆಸರು ಮೊದಲು ಎಂಬ ಜಗಳವನ್ನು ಅಕಾರಾದಿ ಕ್ರಮ ಬಗೆಹರಿಸುತ್ತದೆ, ಹ-ಕಾರದವರು ಮಾತ್ರ ಇನ್ನೂ ನಮ್ಮ ಮೇಲೆ ಸಿಟ್ಟಾಗಿದ್ದಾರೆ.

ನಿಮ್ಮೂರಲ್ಲಿ ಟಿಕೆಟ್ ಇಟ್ಟು ಏನಾದರೂ ಮಾಡುವಿರಾದರೆ ಪಾಸಿನ ಪಟ್ಟಿ ಮೊದಲು ಮುಗಿಸಿ, ಟಿಕೆಟ್ ಆಮೇಲೆ ಅಚ್ಚು ಹಾಕಿಸಿ. ನೋಡಲು ಬರುವವರಾದರೆ ಟಿಕೆಟ್ ಕೊಂಡೇ ಬನ್ನಿ. ನಾಟಕ ಚೆನ್ನಾಗಿಲ್ಲವೆಂದು ಬೈಯುವ ಹಕ್ಕು ಟಿಕೆಟ್ಟಿನವರಿಗೆ ಮಾತ್ರ ಇದೆ, ಪಾಸಿನವರು ಚೆನ್ನಾಗಿತ್ತೆಂದೇ ಹೇಳಬೇಕಾಗುತ್ತದೆ.