ಬಡ್ಡಿ ಇಳಿದ ಸುದ್ದಿ

ನಾನು ಬ್ಯಾಂಕಿನಿಂದ ನಿವೃತ್ತನಾಗಿದ್ದೇನೆ. ನಮ್ಮ ಬಂಧುಬಳಗ ಮಾತ್ರ ನನ್ನನ್ನು ಇನ್ನೂ ಕೌಂಟರಿನಿಂದ ಎಬ್ಬಿಸಿಲ್ಲ. ಮದುವೆಮನೆಯಲ್ಲಿ ಎಲೆಯ ಮುಂದೆ ಕೂತು ಪಾಯಸಕ್ಕೆ ಕಾಯುತ್ತಿದ್ದರೂ ಪಕ್ಕದವರು ಫೋನ್ ಮುಂದೆ ಹಿಡಿದು, ‘ಬ್ಯಾಂಕಿಂದ ಏನೋ ಬಂದಿದೆ, ಸ್ವಲ್ಪ ನೋಡಿ’ ಅನ್ನುತ್ತಾರೆ. 2025ರಲ್ಲಿ ರಿಸರ್ವ್ ಬ್ಯಾಂಕು ರೆಪೊ ದರವನ್ನು ಫೆಬ್ರವರಿಯಿಂದ ಇಳಿಸುತ್ತ ಬಂದು, ಜೂನ್‌ನಲ್ಲಿ ಶೇ. 5.50ಕ್ಕೆ ತಂದಿತಲ್ಲ, ಆಗಂತೂ ನನಗೆ ಪಾಯಸದ ರುಚಿಯೇ ತಿಳಿಯುತ್ತಿರಲಿಲ್ಲ.

ಆ ಜೂನ್‌ನಲ್ಲಿ ಒಂದು ಬೆಳಗ್ಗೆ ತ್ಯಾಗರಾಜನಗರದಿಂದ ಸೋದರಮಾವ ನೋಟೀಸಿನ ಪ್ರಿಂಟ್ ಹಿಡಿದು ಬಂದರು. ಚಪ್ಪಲಿ ಬಿಡುವ ಮೊದಲೇ, ‘ಲೋ, ಹಾಡಹಗಲೇ ದೋಚಿಬಿಟ್ರು ಕಣೋ! ಏಳೂವರೆ ಇದ್ದದ್ದು ಆರೂವರೆ! ನನ್ನ ನಾಲ್ಕು ಲಕ್ಷಕ್ಕೆ ವರ್ಷಕ್ಕೆ ನಾಲ್ಕು ಸಾವಿರ ಖೋತಾ. ಎಫ್‌ಡಿ ಮುರಿಸಿ ಬೇರೆ ಕಡೆ ಹಾಕ್ತೀನಿ’ ಅಂದರು.

‘ಮಾವ, ಕೂತ್ಕೊಳ್ಳಿ. ರಸೀದಿ ತಂದಿದ್ದೀರಾ?’

ನೋಟೀಸನ್ನು ಒಂದನ್ನೇ ಓದುವುದು ಅರ್ಧ ಕೆಲಸ. ಅದನ್ನು ಎಫ್‌ಡಿ ರಸೀದಿಯ ಪಕ್ಕದಲ್ಲಿಟ್ಟು ಓದಬೇಕು. ಮಾವ ಹಿರಿಯ ನಾಗರಿಕರು. ಅವರು ಓದಿದ್ದು ಸಾಮಾನ್ಯರ ಸಾಲನ್ನು. ಪಕ್ಕದ ಕಾಲಮ್ಮಿನಲ್ಲಿ ಅವರಿಗೆ ಶೇ. 7 ಎಂದಿತ್ತು. ಹೀಗೆ ಅರ್ಧ ಪರ್ಸೆಂಟು ಅಲ್ಲೇ ವಾಪಸ್ ಬಂತು. ಉಳಿದ ಅರ್ಧಕ್ಕೆ ಪುಟದ ಬುಡಕ್ಕಿಳಿಯಬೇಕಾಯಿತು. ಅಲ್ಲಿ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ, ಹೊಸ ದರ ಜೂನ್ 15ರಿಂದ ಇಡುವ ಹೊಸ ಠೇವಣಿಗಳಿಗೆ ಮತ್ತು ಆಮೇಲೆ ನವೀಕರಣವಾಗುವವುಗಳಿಗೆ ಮಾತ್ರ ಎಂದಿತ್ತು. ಮಾವ ಇಟ್ಟದ್ದು 2024ರ ಜೂನ್‌ ಮೊದಲ ವಾರದಲ್ಲಿ, ಮೂರು ವರ್ಷಕ್ಕೆ, ಶೇ. 7.50ಕ್ಕೆ. ಅವಧಿ ಮುಗಿಯುವ ತನಕ ಆ ದರವನ್ನು ಯಾರೂ ಮುಟ್ಟುವ ಹಾಗಿಲ್ಲ.

‘ಹಾಗಾದ್ರೆ ನಷ್ಟವೇ ಇಲ್ವಾ?’ ಅಂದರು, ಸ್ವಲ್ಪ ನಿರಾಸೆಯಿಂದಲೇ.

ನಷ್ಟ ಬೇಕಿದ್ದರೆ ಎಫ್‌ಡಿ ಮುರಿಸಬಹುದು, ಅಂದೆ. ಅವಧಿಗೆ ಮುಂಚೆ ಮುರಿಸಿದರೆ, ಹಣ ಎಷ್ಟು ಕಾಲ ಇತ್ತೋ ಅಷ್ಟು ಕಾಲಕ್ಕೆ ಠೇವಣಿ ಇಟ್ಟ ದಿನ ಯಾವ ದರವಿತ್ತೋ ಅದನ್ನು ಕೊಟ್ಟು, ಅದರಲ್ಲೂ ದಂಡ ಕಳೆಯುತ್ತಾರೆ. ಮಾವನದು ಒಂದು ವರ್ಷ ಆಗಿತ್ತು. ಇಟ್ಟ ದಿನ ಒಂದು ವರ್ಷದ ದರ ಶೇ. 7.25, ಅವರ ಬ್ಯಾಂಕಿನ ದಂಡ ಶೇ. 1, ಕೈಗೆ ಉಳಿಯುವುದು 6.25. ಚಕ್ರಬಡ್ಡಿಯ ಚಿಲ್ಲರೆ ಬಿಟ್ಟರೂ ನಾಲ್ಕು ಲಕ್ಷಕ್ಕೆ ಐದು ಸಾವಿರ ಖೋತಾ. ಮೇಲೆ ಆ ಹಣವನ್ನು ಮತ್ತೆ ಇಡುವುದು ಹೊಸ ದರಕ್ಕೇ. ದೋಚುವವರನ್ನು ನಾವೇ ಕರೆದು, ಕಾಫಿ ಕೊಟ್ಟು, ಬೀರುವಿನ ಕೀಲಿಕೈ ತೋರಿಸಿದ ಹಾಗೆ.

ನಿಜವಾಗಿ ಪೆಟ್ಟು ತಿಂದವರು ಪಕ್ಕದಲ್ಲಿ ಸುಮ್ಮನೆ ಕೂತಿದ್ದ ಅತ್ತೆ. ಅವರ ಠೇವಣಿ ಮುಗಿಯುವುದು ಜೂನ್ 16ಕ್ಕೆ. ತಾನಾಗಿ ನವೀಕರಣವಾಗಲಿ ಎಂದು ಫಾರಂನಲ್ಲಿ ಗುರುತು ಹಾಕಿದ್ದರಿಂದ, ಮುಗಿದ ದಿನದ ದರವೇ ಅದಕ್ಕೆ ಅಂಟಿಕೊಳ್ಳುತ್ತದೆ. 14ಕ್ಕೆ ಮುಗಿದಿದ್ದರೆ ಹಳೆಯ ದರವೇ ಸಿಗುತ್ತಿತ್ತು. ಉಳಿತಾಯ ಖಾತೆಯದು ಇನ್ನೂ ನೇರ: ಅಲ್ಲಿ ಬಡ್ಡಿ ದಿನದಿನದ ಬಾಕಿಯ ಮೇಲೆ, ಹೊಸ ದರ 15ರಿಂದ ಹಳಬರು ಹೊಸಬರೆನ್ನದೆ ಎಲ್ಲರಿಗೂ.

‘ನನ್ನ ಮಗನ ಮನೆ ಸಾಲಕ್ಕೂ 15ರಿಂದಲೇ ಇಳಿಯುತ್ತೆ ತಾನೇ?’

ಅದಕ್ಕೆ ಬೇರೆ ಪಂಚಾಂಗ. 2019ರ ಅಕ್ಟೋಬರ್ 1ರ ಮೇಲೆ ಬ್ಯಾಂಕಿನಿಂದ ತೆಗೆದುಕೊಂಡ ಫ್ಲೋಟಿಂಗ್ ದರದ ಮನೆ ಸಾಲ ರೆಪೊದಂಥ ಹೊರಗಿನ ದರಕ್ಕೆ ಕಟ್ಟಿಕೊಂಡಿರುತ್ತದೆ. ಆದರೆ ರೀಸೆಟ್ ಮಾಡಲು ಬ್ಯಾಂಕಿಗೆ ಮೂರು ತಿಂಗಳವರೆಗೆ ಅವಕಾಶವಿದೆ. ಆ ದಿನ ಯಾವುದೆಂಬುದು ಸಾಲದ ಕರಾರಿನಲ್ಲಿ ಸಿಗುತ್ತದೆ, ನೋಟೀಸಿನಲ್ಲಲ್ಲ. ಆಮೇಲೂ ಇಎಂಐ ಇದ್ದಷ್ಟೇ ಇದ್ದರೆ ಗಾಬರಿ ಬೇಡ. ಸಾಮಾನ್ಯವಾಗಿ ಕಂತಿನ ಮೊತ್ತ ಬಿಟ್ಟು ಕಂತುಗಳ ಸಂಖ್ಯೆಯನ್ನು ಇಳಿಸಿರುತ್ತಾರೆ. 20 ವರ್ಷದ 30 ಲಕ್ಷ ಸಾಲ ಶುರುವಿನಲ್ಲೇ 8.50ರಿಂದ 8.25ಕ್ಕೆ ಇಳಿದರೆ, ₹26,035ರ ಕಂತು ಹಾಗೇ ಉಳಿದು, 240 ಕಂತು 230ರ ಆಸುಪಾಸಿಗೆ ಬರುತ್ತದೆ. ಲಾಭ ಹುಡುಕಬೇಕಾದದ್ದು ಸಾಲದ ಸ್ಟೇಟ್‌ಮೆಂಟಿನಲ್ಲಿ.

ಮಾವನಿಗೆ ಈಗ ಸಮಾಧಾನವಾಗಿ, ಉಪ್ಪಿಟ್ಟು ಕೂಡ ಎರಡನೇ ಸಲ ಹಾಕಿಸಿಕೊಂಡರು. ಅಷ್ಟರಲ್ಲಿ ಅವರ ಪಾಸ್‌ಬುಕ್ಕಿನಲ್ಲಿ ₹27.14 ಕಳೆದದ್ದು ನನ್ನ ಕಣ್ಣಿಗೆ ಬಿತ್ತು. ಆ ವರ್ಷದ ಮೇ 1ರಿಂದ ಉಚಿತ ಮಿತಿ ದಾಟಿದ ಎಟಿಎಂ ವ್ಯವಹಾರಕ್ಕೆ ಗರಿಷ್ಠ ಶುಲ್ಕ ₹21ರಿಂದ ₹23ಕ್ಕೆ ಏರಿತ್ತು, ಮೇಲೆ ಶೇ. 18 ಜಿಎಸ್‌ಟಿ. ಶುಲ್ಕದ ವಿಷಯದಲ್ಲಿ ಹಳೆಯ ಗಿರಾಕಿಯೆಂಬ ದಾಕ್ಷಿಣ್ಯವಿಲ್ಲ. ಹೇಳಿದ ದಿನದಿಂದ ಎಲ್ಲರಿಗೂ ಅನ್ವಯ. ಬೆಂಗಳೂರಿನಂಥ ಮೆಟ್ರೊದಲ್ಲಿ ಬೇರೆ ಬ್ಯಾಂಕಿನ ಎಟಿಎಂನಲ್ಲಿ ತಿಂಗಳಿಗೆ ಮೂರೇ ಉಚಿತ, ಬ್ಯಾಲೆನ್ಸ್ ನೋಡಿದ್ದೂ ಅದರೊಳಗೇ ಲೆಕ್ಕ.

‘ಈ ತಿಂಗಳು ಬೇರೆ ಎಟಿಎಂಗೆ ಹೋಗಿದ್ರಾ, ಮಾವ?’

‘ಮನೆ ಎದುರಿಗೇ ಇದೆಯಲ್ಲೋ. ಬಡ್ಡಿ ಇಳಿಯುತ್ತೆ ಅಂತ ಪೇಪರಿನಲ್ಲಿ ಬಂದಾಗಿನಿಂದ, ನಮ್ಮ ಅಕೌಂಟಿನಲ್ಲಿ ಏನಾದ್ರೂ ಹಿಡ್ಕೊಂಡ್ರಾ ಅಂತ ದಿನಾ ಬ್ಯಾಲೆನ್ಸ್ ನೋಡ್ಕೊಂಡು ಬರ್ತಿದ್ದೆ.’