ಕ್ಷಮಾ ಕಾಕಾ

ಪುಣೆಯ ಭೋಸರಿಯಲ್ಲಿ ರಬ್ಬರ್ ಸೀಲ್ ಮಾಡುವ ಒಂದು ಸಣ್ಣ ಕಾರ್ಖಾನೆ. ಅದರ ಆಫೀಸಿನಲ್ಲಿ ಗಿರಾಕಿಗಳ ಬೈಗುಳಕ್ಕೆ ಉತ್ತರ ಬರೆಯುವವರು ನಮ್ಮ ಧಾರವಾಡದ ಕಾಕಾ. ಎದುರಿಗೆ ಬಂದವರಿಗೆ ಎರಡೇ ಮಾತು. ಕೀಬೋರ್ಡ್ ಮುಟ್ಟಿದರೆ ಮಾತ್ರ ಹರಿಕಥೆ.

ಮೊನ್ನೆ ಬೆಳಗಾವಿಯ ಉದ್ಯಮಬಾಗದ ಪಂಪ್ ತಯಾರಕರು 52 ಮಿ.ಮೀ. ಸೀಲ್ ಕೇಳಿದ್ದರು. ಹೋದದ್ದು 50. ಅವರ ಕೆಲಸ ಎರಡು ದಿನ ನಿಂತಿತು. ಕಾಕಾ ಬರೆದ ಮೇಲ್ ಎರಡು ಪುಟ. ಮೊದಲು ಹದಿನಾಲ್ಕು ವರ್ಷದ ಸುಮಧುರ ಬಾಂಧವ್ಯ, ಆಮೇಲೆ ಮಳೆ, ಕರೆಂಟು, ಪ್ಯಾಕಿಂಗ್ ಹುಡುಗನ ತಂಗಿಯ ಮದುವೆ. ‘ಕ್ಷಮೆ’ ಒಂಬತ್ತು ಸಲ ಬಂದಿತ್ತು, ‘50’ ಒಂದು ಸಲವೂ ಇಲ್ಲ. ಕೊನೆಗೆ, ‘ತಮಗೆ ಏನಾದರೂ ಅನಾನುಕೂಲವಾಗಿದ್ದಲ್ಲಿ’.

“ಆಗಿದ್ದಲ್ಲಿ ಅಂದ್ರೇನ್ರಿ ಕಾಕಾ? ಎರಡ ದಿನ ಕೆಲಸಾ ಬಂದ್ ಬಿದ್ದದ!”

“ಸಭ್ಯತಾ ಇರ್ಲಿ ಅಂತ ಹಾಕೇನಿ, ತಮ್ಮಾ.”

ಅಕೌಂಟ್ಸ್‌ನ ಬಾಯಿ ಸದಾಶಿವ ಪೇಠೆಯವರು. ಬಾಗಿಲಿಗೆ ಖಾರದ ಪಾಟಿ ಬರೆದು ಹಚ್ಚುವ ಪರಂಪರೆಯವರು. ಮೇಲನ್ನು ಅರ್ಧ ನಿಮಿಷದಲ್ಲಿ ಇಳಿಸಿದರು: ‘ತಪ್ಪಾಗಿದೆ. ಮಾಲು ನಾಳೆ.’

ಕಾಕಾ ಕನ್ನಡಕ ತೆಗೆದರು. “ಇದು ಕ್ಷಮಾಪಣಿ ಅಲ್ರೀ ಬಾಯಿ, ‘ಇಲ್ಲಿ ಗಾಡಿ ನಿಲ್ಲಿಸಬೇಡಿ’ ಅಂದ್ಹಂಗದ.”

ಅವರ ಮಾತೂ ಸುಳ್ಳಲ್ಲ. ಬಾಯಿ ನಮ್ಮ ನೆಪಗಳ ಜತೆಗೆ ಗಿರಾಕಿಯ ನಷ್ಟವನ್ನೂ ಕತ್ತರಿಸಿದ್ದರು. ಮಳೆ ಹೋದರೆ ಬೆಳಗಾವಿಯಲ್ಲಿ ಯಾರೂ ಅಳುವುದಿಲ್ಲ. ಆದರೆ ಆ ಎರಡು ದಿನ ಹೋದರೆ, ತನ್ನ ಪತ್ರವನ್ನು ಇವರು ಓದಲೇ ಇಲ್ಲ ಅನ್ನಿಸುತ್ತದೆ ಆ ಮನುಷ್ಯನಿಗೆ. ನಾನು ನಡುವೆ ಕೂತು, ಕಾಕಾರನ್ನು ಒಂದೊಂದು ವಾಕ್ಯಕ್ಕೂ ಒಪ್ಪಿಸುತ್ತ, ಚಹಾ ಎರಡು ಸಲ ತರಿಸಿ, ಇಷ್ಟು ಉಳಿಸಿದೆ:

‘ನೀವು ಕೇಳಿದ್ದು 52 ಮಿ.ಮೀ. ಸೀಲ್, ನಾವು ಕಳಿಸಿದ್ದು 50. ಅಳೆದು ನೋಡದೆ ಪ್ಯಾಕ್ ಮಾಡಿದ್ದು ನಮ್ಮ ತಪ್ಪು. ಅದರಿಂದ ನಿಮ್ಮ ಕೆಲಸ ಎರಡು ದಿನ ನಿಂತಿತು, ಕ್ಷಮಿಸಿ. ಸರಿಯಾದ 200 ಸೀಲ್ ಇವತ್ತು ರಾತ್ರಿ ಬಸ್ಸಿಗೆ ಹಾಕುತ್ತೇವೆ, ನಾಳೆ ಹತ್ತರೊಳಗೆ ನಿಮ್ಮ ಗೇಟಿಗೆ ಬರುತ್ತವೆ. ತಪ್ಪು ಮಾಲು ವಾಪಸ್ ತರುವ ಖರ್ಚು ನಮ್ಮದು.’

‘ಹತ್ತರೊಳಗೆ’ ಬರೆಯುವ ಮುಂಚೆ ಕಾಕಾ ಸ್ಟೋರಿಗೆ ಹೋಗಿ, ವರ್ನಿಯರ್ ಹಿಡಿದು ಹತ್ತು ಸೀಲ್ ತಾವೇ ಅಳೆದು ಬಂದರು. ಬಸ್ಸಿನವನಿಗೆ ಫೋನೂ ಮಾಡಿದರು. ಎರಡು ಪುಟ ಬರೆಯುವಾಗ ಅದು ಬೇಕಾಗಿರಲಿಲ್ಲ.

‘ಕ್ಷಮಿಸಿ’ ಒಂದೇ ಸಲ ಬಂದದ್ದು ಅವರಿಗೆ ಕೊನೆಯವರೆಗೂ ಸಮಾಧಾನವಿಲ್ಲ. ‘ಅತ್ಯಂತ’ ಒಂದನ್ನಾದರೂ ಹಾಕು ಅಂತ ಚೌಕಾಶಿ ಮಾಡಿದರು. ನಾನು ಬಗ್ಗಲಿಲ್ಲ.

ಮೇಲ್ ಹೋಯಿತು. ಕಾಲು ಗಂಟೆಯಲ್ಲಿ ಉತ್ತರ: ‘ಆತು. ಹುಡುಗನ್ನ ಗೇಟಿಗೆ ನಿಲ್ಲಸ್ತೇನಿ.’

ಸಂಜೆ ಕಾಕಾರ ಕಂಪ್ಯೂಟರಿನಲ್ಲಿ ‘ಉಳದದ್ದು’ ಅನ್ನುವ ಹೊಸ ಫೈಲ್ ಕಂಡಿತು. ತೆರೆದೆ. ಮಳೆ, ಕರೆಂಟು, ಮದುವೆ, ಸುಮಧುರ ಬಾಂಧವ್ಯ ಎಲ್ಲ ಅಲ್ಲಿ ಜೋಪಾನವಾಗಿದ್ದವು.

“ಒಗ್ಯಾಕ ಮನಸ ಬರ್ಲಿಲ್ಲೋ,” ಅಂದರು ಕಾಕಾ. “ಸಾಂಗಲಿಯವರದು ಇನ್ನೂ ಉತ್ತರಾ ಬರೀಯೋದದ.”